ಒಂದು ಪುಟದ ಹ್ಯಾಂಡೋವರ್

ಗೋದಾಮಿನ ನಡುವೆ ನಿಂತುಹೋದ ರೋಬಾಟನ್ನು ಹೊಸ ಇಂಜಿನಿಯರ್ ಅಲ್ಲೇ ರೀಸ್ಟಾರ್ಟ್ ಮಾಡಿದ. ಅದು ಗಿರ್ರನೆ ತಿರುಗಿ, ಎಲೆಕ್ಟ್ರಿಷಿಯನ್ ಹತ್ತಿದ್ದ ಏಣಿಯತ್ತ ಹೊರಟಿತು. ಏಣಿಯ ತೆಳು ಕಾಲು ಅದರ ಸೆನ್ಸರಿಗೆ ಕಾಣುವಂಥದ್ದಲ್ಲ. ಮೇಲ್ವಿಚಾರಕನಾದ ನಾನು ಎದ್ದೆನೋ ಬಿದ್ದೆನೋ ಎಂದು ಓಡಿ ಅದರ ಬೆನ್ನ ಮೇಲಿನ ಕೆಂಪು ಸ್ಟಾಪ್ ಗುಂಡಿ ಅದುಮಿದೆ. ಏಣಿಗೆ ಗೇಣು ಅಂತರದಲ್ಲಿ ಅದು ನಿಂತಿತು.

"ಓದ್ಕೊಂಡೇ ಮಾಡಿದ್ದು ಸರ್," ಎಂದು ಅವನು ಹ್ಯಾಂಡೋವರ್ ಹಾಳೆ ಚಾಚಿದ. ಅದರಲ್ಲಿ ರೀಸ್ಟಾರ್ಟ್ ಆದಮೇಲೆ ಹೀಗೆ ದಾರಿ ತಪ್ಪುವ ಸುದ್ದಿಯೇ ಇರಲಿಲ್ಲ.

ಮೈಯೆಲ್ಲ ಉರಿದು, ಕೆಲಸ ಬಿಟ್ಟುಹೋದ ಹಳೆಯ ಇಂಜಿನಿಯರಿಗೆ ಫೋನ್ ಮಾಡಿದೆ. "ಏನಮ್ಮಾ, ಇಂಥದ್ದನ್ನ ಬರೀಬಾರದಾ?"

"ಬರೆದಿದ್ದೆ ಸರ್. ರೀಸ್ಟಾರ್ಟ್ ಆದ್ರೆ, ಎಲ್ಲೇ ಇದ್ರೂ ಚಾರ್ಜರ್ ಹತ್ರಾನೇ ಇದೀನಿ ಅನ್ಕೊಂಡು ದಾರಿ ತಪ್ಪುತ್ತೆ, ಮೊದಲು ಅಲ್ಲಿಗೆ ತಳ್ಕೊಂಡು ಹೋಗಿ ಆಮೇಲೆ ರೀಸ್ಟಾರ್ಟ್ ಮಾಡಿ ಅಂತ. ಒಂದೇ ಪುಟಕ್ಕೆ ಇಳಿಸು ಅಂತ ಆ ಸಾಲಿಗೆ ಗೀಟು ಹೊಡೆದಿದ್ದು ನೀವೇ ಅಲ್ವಾ?"

ಏಣಿಯ ಮೇಲಿಂದ ಎಲೆಕ್ಟ್ರಿಷಿಯನ್ ಕೇಳಿದ: "ಯಾರ ತಪ್ಪಂತೆ ಸರ್?"