ಲಾಭ, ಒಂದು, ಎರಡು

ರಂಜಿತಳಿಗೆ ಹಸಿವೂ ಆಗಿತ್ತು, ಸಿಟ್ಟೂ ಬಂದಿತ್ತು. ಹಲಗೂರಿನಿಂದ ಮೊದಲ ಬಸ್ಸು ಹಿಡಿದು ಮಂಡ್ಯದ ಹೊರವಲಯದ ಈ ಪಶು ಆಹಾರದ ಗೋದಾಮಿಗೆ ಸಂದರ್ಶನಕ್ಕೆಂದು ಬಂದವಳನ್ನು ಮಧ್ಯಾಹ್ನದವರೆಗೂ ಬೆಂಚಿನ ಮೇಲೆ ಕೂರಿಸಿದ್ದರು. ಮದ್ದೂರಿನ ಅಕ್ಕಿ ಗಿರಣಿಯಲ್ಲಿ ಅವಳು ಮಾಡುತ್ತಿದ್ದುದು ಸೂಪರ್‌ವೈಸರ್ ಕೆಲಸವೇ, ಹೆಸರು ಮಾತ್ರ ಹೆಲ್ಪರ್. ಆ ಗಿರಣಿಯೂ ಈಗ ಬಾಗಿಲು ಹಾಕುತ್ತಿತ್ತು. ಇಲ್ಲಿ ಸೂಪರ್‌ವೈಸರ್ ಆಗದಿದ್ದರೆ ಇನ್ನೆಲ್ಲೋ ಮತ್ತೆ ಹೆಲ್ಪರ್ ಆಗಬೇಕಿತ್ತು.

ಕೊನೆಗೂ ಒಳಗೆ ಕರೆದ ಮ್ಯಾನೇಜರ್ ಶ್ರೀಕರ ಮೊಬೈಲಿನಲ್ಲಿದ್ದ ಪ್ರಶ್ನೆಗಳನ್ನು ತಲೆಯೆತ್ತದೆ ಓದತೊಡಗಿದ.

"ಅರ್ಧ ಲಾರಿ ಇಳಿಸಿರುವಾಗ ಪಾಳಿ ಬದಲಾದರೆ?"

"ಎರಡೂ ಪಾಳಿಯೋರು ಒಟ್ಟಿಗೆ ನಿಂತು ಅಲ್ಲಿತನಕ ಇಳಿಸಿದ್ದು ಎಣಿಸ್ಬೇಕು ಸಾರ್. ಇಬ್ರೂ ರುಜು ಹಾಕಿದ್ಮೇಲೇ ಹಳೇ ಪಾಳಿ ಮನೆಗೆ ಹೋಗೋದು."

"ಸುರಕ್ಷತೆ?"

"ಬರುವಾಗ ನೋಡ್ದೆ, ಬಾಗಿಲ ಹತ್ರ ಪೇರಿಸಿರೋ ಚೀಲದ ಅಟ್ಟಿ ವಾಲಿದೆ. ಅದರ ಬುಡದಲ್ಲೇ ಹೆಂಗಸ್ರು ಊಟಕ್ಕೆ ಕೂತಿದ್ರು. ಎಬ್ಬಿಸಿ, ಅಡ್ಡ ಹಗ್ಗ ಕಟ್ಟಿ ಬಂದಿದ್ದೀನಿ. ಮೇಲಿಂದ ಚೀಲ ಇಳಿಸಿ ಮತ್ತೆ ಜೋಡಿಸ್ಬೇಕು."

ಶ್ರೀಕರ ತಲೆಯೆತ್ತಿದ. ಹೊಗಳಲಿಕ್ಕಲ್ಲ, ಯಾರನ್ನು ಕೇಳಿ ಕಟ್ಟಿದಿರಿ ಎಂದು ಕೇಳಲಿಕ್ಕೆ. ಆಮೇಲೆ ಅವನ ನಿಜವಾದ ತಲೆನೋವು ಹೊರಬಿತ್ತು. ಲಾರಿಯಿಂದ ಇಳಿಸುವಾಗ ಪ್ರತಿಸಲ ಚೀಲ ಕಡಿಮೆ ಬೀಳುತ್ತದೆ, ಕಾರ್ಖಾನೆಯವರು ಪೂರ್ತಿ ಕಳಿಸಿದ್ದೇವೆಂದು ಜಗಳಕ್ಕೆ ಬರುತ್ತಾರೆ. ತಿಂಗಳ ಕೊನೆಗೆ ಅಟ್ಟಿ ಎಣಿಸಿದರೆ ಲೆಕ್ಕದ ಪುಸ್ತಕದಲ್ಲಿರುವುದಕ್ಕಿಂತ ಜಾಸ್ತಿ ಇರುತ್ತದೆ. "ಏನು ಮಾಡ್ತೀರಿ?"

"ಇಳಿಸೋದನ್ನ ನೋಡ್ಬೇಕು."

"ಉತ್ತರ ಹೇಳಿ."

"ನೋಡ್ದೆ ಏನಂತ ಹೇಳ್ಲಿ ಸಾರ್?"

ಇಬ್ಬರೂ ಹೊರಗೆ ಬಂದರು. ಅಂಗಳದಲ್ಲಿ ಒಂದು ಲಾರಿ ಖಾಲಿಯಾಗುತ್ತಿತ್ತು. ಚಾಲಕ ಅಂಬರೀಶ್ ಮುಖ ಊದಿಸಿಕೊಂಡು ಚಕ್ರಕ್ಕೆ ಒರಗಿದ್ದ. ಈ ಸಲವೂ ಕಡಿಮೆ ಬಿದ್ದರೆ ತಾನೇ ದಾರಿಯಲ್ಲಿ ಮಾರಿಕೊಂಡೆನೆಂದು ಬರೆಯುತ್ತಾರೆ, ಕೆಲಸ ಹೋಗುತ್ತದೆ ಎಂಬುದು ಅವನ ಚಿಂತೆ. ಹಮಾಲರ ಮೇಸ್ತ್ರಿ ದೊಡ್ಡಸಿದ್ದಯ್ಯ ಬಾಗಿಲಲ್ಲಿ ನಿಂತು, ಹೊತ್ತು ಸಾಗುವ ಒಂದೊಂದು ಚೀಲಕ್ಕೂ ಕೂಗುತ್ತಿದ್ದ. ಇಪ್ಪತ್ತು ಎಂದಾಗ ಗುಮಾಸ್ತ ಒಂದು ಗೆರೆ ಎಳೆಯುತ್ತಿದ್ದ, ಎಣಿಕೆ ಮತ್ತೆ ಮೊದಲಿನಿಂದ ಶುರುವಾಗುತ್ತಿತ್ತು.

"ಲಾಭ... ಒಂದು... ಎಲ್ಡು..."

ರಂಜಿತ ಕಿವಿ ನಿಮಿರಿಸಿದಳು. ಈ ಕಡೆ ಕಣದಲ್ಲಿ ರಾಗಿ ಅಳೆಯುವಾಗ ಮೊದಲ ಅಳತೆಗೆ ಒಂದು ಎನ್ನುವುದಿಲ್ಲ, ಲಾಭ ಎನ್ನುತ್ತಾರೆ. ಆದರೆ ಅದರ ಮುಂದಿನದು ಎರಡು. ಇಲ್ಲಿ ಲಾಭಕ್ಕೊಂದು ಚೀಲ ಹೋಯಿತು, ಒಂದಕ್ಕೆ ಇನ್ನೊಂದು ಹೋಯಿತು. ಗೆರೆಗೆ ಇಪ್ಪತ್ತೊಂದು ಚೀಲ, ಲೆಕ್ಕದಲ್ಲಿ ಇಪ್ಪತ್ತು.

"ಅಣ್ಣ, ಲಾಭ ಆದ್ಮೇಲೆ ಒಂದು ಯಾಕಣ್ಣ?"

"ನನ್ನೇನ್ ಕೇಳೀಯವ್ವ. ಲಾಭಗೀಭ ಅನ್ನಂಗಿಲ್ಲ, ಒಂದು ಅಂತ್ಲೇ ಎಣಿಸ್ಬೇಕು ಅಂತ ಸಾಹೇಬ್ರು ಗೋಡೆ ಮ್ಯಾಲೆ ಬರೆಸವ್ರೆ. ಲಾಭ ಅನ್ದೆ ಚೀಲ ಮುಟ್ಟಕಾಯ್ತದಾ? ಅದ್ಕೇ ಲಾಭಾನೂ ಅಂತೀನಿ, ಒಂದೂ ಅಂತೀನಿ."

"ಎರಡಕ್ಕೂ ಒಂದೊಂದು ಚೀಲ ಹೋಯ್ತಲ್ಲಣ್ಣ."

"ಓಗ್ಲಿ ಬುಡು. ಗೋಡೌನ್ ಒಳಕ್ಕೇ ತಾನೇ ಓಗೋದು."

ರಂಜಿತಳಿಗೆ ಯಾರ ಮೇಲೆ ರೇಗಬೇಕೆಂದೇ ತಿಳಿಯಲಿಲ್ಲ. ಗೋಡೆ ನೋಡಿದಳು. ಕೆಂಪು ಬಣ್ಣದಲ್ಲಿ ಆದೇಶ, ಕೆಳಗೆ ಶ್ರೀಕರನ ಹೆಸರು. ಸುಮ್ಮನಿದ್ದರೆ ಕೆಲಸ ಸಿಗಬಹುದಿತ್ತು. ಸುಮ್ಮನಿರುವುದು ಅವಳ ಕೈಲಾಗಲಿಲ್ಲ. ಪಕ್ಕದಲ್ಲಿದ್ದ ಶ್ರೀಕರನಿಗೆ ಎಲ್ಲವನ್ನೂ ಬಿಡಿಸಿ ಹೇಳಿದಳು. ಲಾರಿ ಖಾಲಿಯಾದ ಮೇಲೆ, ಇಳಿದ ಚೀಲಗಳನ್ನು ಒಳಗೆ ಹೋಗಿ ಎಣಿಕೆ ಮಾಡಿಸಿದಳು. ಕಾರ್ಖಾನೆಯ ಚೀಟಿಯಲ್ಲಿದ್ದಷ್ಟೂ ಇದ್ದವು, ಒಂದೂ ಕಡಿಮೆಯಿರಲಿಲ್ಲ.

ಶ್ರೀಕರ ಬೆವರು ಒರೆಸಿಕೊಂಡ. ಒಳಗೆ ಬಂದು ಮತ್ತೆ ಮೊಬೈಲು ತೆಗೆದು, ಏನೂ ಆಗಿಲ್ಲವೆಂಬಂತೆ ಮುಂದಿನ ಪ್ರಶ್ನೆ ಓದಿದ. "ಮೇಲಧಿಕಾರಿಯ ಜೊತೆ ಭಿನ್ನಾಭಿಪ್ರಾಯ ಬಂದರೆ?"

"ಈಗ ಬಂತಲ್ಲ ಸಾರ್."

ಅವನು ಮೊಬೈಲು ಕೆಳಗಿಟ್ಟ. "ನಾಳೆಯಿಂದ ಬನ್ನಿ," ಎಂದ. ರಂಜಿತಳ ಎದೆ ಹಗುರಾಯಿತು. ಅಷ್ಟರಲ್ಲಿ ಅವನು ಹಾಳೆ ಎಳೆದುಕೊಂಡ. "ಹೆಡ್ ಆಫೀಸಿಗೆ ಕಾರಣ ಬರೀಬೇಕು. ಎಣಿಕೆ ತಪ್ಪಿದ್ದು ಮೇಸ್ತ್ರಿ ದೊಡ್ಡಸಿದ್ದಯ್ಯ ಅಂತ ಹಾಕ್ತೀನಿ. ನೀವು ಸಾಕ್ಷಿ ರುಜು ಮಾಡಿ."

ಬೆಳಿಗ್ಗೆಯಿಂದ ನುಂಗಿಕೊಂಡಿದ್ದ ಸಿಟ್ಟೆಲ್ಲ ಉಕ್ಕಿತು. ಆದರೂ ದನಿ ಏರಿಸಲಿಲ್ಲ. "ನಾಳೆಯಿಂದ ನಾನು ಆ ಅಣ್ಣನ ಕೈಲಿ ಕೆಲಸ ತೆಗೀಬೇಕು ಸಾರ್. ಇವತ್ತು ಅವರ ಮೇಲೆ ರುಜು ಹಾಕಿ, ನಾಳೆ ಅವರ ಮುಂದೆ ಯಾವ ಮುಖ ಹೊತ್ಕೊಂಡು ನಿಲ್ಲಲಿ? ಅವರ ಹೆಸರು ಬರೆಯೋದಾದ್ರೆ ನನಗೆ ಈ ಕೆಲಸ ಬೇಡ." ಎದ್ದು ತನ್ನ ಕೈಚೀಲ ಹೆಗಲಿಗೆ ಹಾಕಿಕೊಂಡಳು. ಹಲಗೂರಿನ ಬಸ್ಸು ಎಷ್ಟು ಹೊತ್ತಿಗೋ ಎಂದು ಮನಸ್ಸು ಆಗಲೇ ಲೆಕ್ಕ ಹಾಕುತ್ತಿತ್ತು.

"ಮತ್ತೆ ಯಾರ ಹೆಸರು ಬರೀಲಿ?"

ಅವಳು ಕಿಟಕಿಯಾಚೆಗಿನ ಕೆಂಪು ಆದೇಶದ ಗೋಡೆಯ ಕಡೆ ನೋಡಿದಳು. ಶ್ರೀಕರನೂ ನೋಡಿದ. ಪೆನ್ನು ತೆಗೆದು, ತನ್ನ ಹೆಸರನ್ನೇ ಬರೆದು ಹಾಳೆಯನ್ನು ಅವಳ ಮುಂದಕ್ಕೆ ತಳ್ಳಿದ.

ರಂಜಿತ ಓದಿ, ಮತ್ತೆ ಕೂತು, ಕೆಳಗೆ ರುಜು ಹಾಕಿದಳು. ತನ್ನ ಹೆಸರಿನ ಕೆಳಗೆ ಸೂಪರ್‌ವೈಸರ್ ಎಂದು ಬರೆದುಕೊಂಡದ್ದು ಅದೇ ಮೊದಲು.