ಕಿವಿಯ ಮೇಲಿನ ಲೇಖನಿ

"ಇಂವಾ ನೇಕಾರ ಅಲ್ಲ. ಕೋಟು ನೋಡು, ಗಡಿಯಾರದ ಸರಪಳಿ ನೋಡು. ಯಾರೋ ಖಾನಾಪುರದ ಕಟಗಿ ವ್ಯಾಪಾರಿ," ಎಂದು ಸೆಕ್ರೆಟರಿ ಗುರುಪುತ್ರಪ್ಪ ಫೋಟೋವನ್ನು ಮೇಜಿನ ಮೇಲೆ ಒಗೆದ.

ಅಖ್ತರಿಗೆ ಮೈ ಉರಿಯಿತು. ೧೯೭೮ರ ಆ ಬೇಸಿಗೆಯಲ್ಲಿ ಶಹಾಪುರದ ನೇಕಾರರ ಸಂಘ ಹೊಸ ಸದಸ್ಯರನ್ನು ಸೇರಿಸಿಕೊಳ್ಳುತ್ತಿತ್ತು. ಆದರೆ ಅಜ್ಜನ ಕಾಲದಿಂದ ನೇಯ್ದವರೆಂದು ತೋರಿಸಬೇಕು. ಸದಸ್ಯಳಾದರೆ ಸಂಘದ ನೂಲು ಸಿಗುತ್ತದೆ, ಗಂಡ ಸತ್ತಾಗಿನಿಂದ ನಿಂತ ಮಗ್ಗ ಮತ್ತೆ ಆಡುತ್ತದೆ. ಖಾನಾಪುರದಿಂದ ಬಂದ ಅಜ್ಜ ಚಾಂದಸಾಬನ ಈ ಫೋಟೋ ಬಿಟ್ಟರೆ ಅವಳ ಬಳಿ ಬೇರೆ ಪುರಾವೆ ಇಲ್ಲ. ಮೂರು ಸಲ ಬಂದರೂ ಈ ಮಹಾಶಯ ಅವಳಿಗೆ ಕೂರಲು ಹೇಳಿರಲಿಲ್ಲ.

"ಕೋಟು ಸ್ಟುಡಿಯೋದ್ದು ರೀ," ಎಂದಳು. "ತೋಳು ಗೇಣು ಗಿಡ್ಡ ಐತಿ. ಸರಪಳಿ ಐತಿ, ಕಿಸೆದಾಗ ಗಡಿಯಾರದ ಉಬ್ಬಿಲ್ಲ. ಅದನ್ನೆಲ್ಲಾ ಬಿಡ್ರಿ, ಕೈಯಾಗಿನ ಲಾಳಿ ನೋಡ್ರಿ. ಅದು ಮನಿಯಿಂದ ತಂದದ್ದು."

"ಲಾಳಿ ಯಾರ ಬೇಕಾದ್ರೂ ಹಿಡೀತಾರ."

"ಹಿಡೀತಾರ, ಕೋಲು ಹಿಡದಂಗ ಮುಷ್ಟಿ ಮಾಡಿ. ನಮ್ಮಜ್ಜನ ತೋರಬೆರಳು ಲಾಳಿ ತುದಿಗೆ ಐತಿ. ಒಗದು ರೂಢಿ ಇದ್ದಾಂವ ಹಂಗ ಹಿಡೀತಾನ. ಕಟಗಿ ಎಷ್ಟು ಸವದು ಹೊಳಿಯಾಕತ್ತೈತಿ ನೋಡ್ರಿ."

ಗುರುಪುತ್ರಪ್ಪ ಭೂತಗನ್ನಡಿ ಹಿಡಿದು ನೋಡಿದ. ಎಲ್ಲಿಯೂ ತಪ್ಪು ಸಿಗಲಿಲ್ಲ. ಮುಖ ಸಿಂಡರಿಸಿಕೊಂಡೇ ಅರ್ಜಿ ಎಳೆದು ಪೆನ್ನಿನ ಮುಚ್ಚಳ ತೆಗೆದ. ಅಲ್ಲಿಗೆ ಸಹಿ ಮಾಡಿದ್ದರೆ ಮುಗಿಯುತ್ತಿತ್ತು. ಆದರೆ ಒಬ್ಬ ಹೆಂಗಸಿನ ಎದುರು ಸೋತು ಸುಮ್ಮನಿರುವ ಜೀವವಲ್ಲ ಅದು.

"ಖರೇ ಕೋಟು ನೋಡಬೇಕಂದ್ರ ಇದನ್ನ ನೋಡು," ಎಂದು ಗೋಡೆಯ ಮೇಲಿದ್ದ ಚೌಕಟ್ಟಿನ ಫೋಟೋವನ್ನು ಜವಾನ ಈರಯ್ಯನ ಕೈಯಿಂದ ಇಳಿಸಿದ. "ನಮ್ಮಜ್ಜ. ಕೋಟೆಯೊಳಗಿನ ಸರಕಾರಿ ಕಚೇರ್ಯಾಗ ಕಾರಕೂನ ಇದ್ದ. ಕಿವಿ ಮ್ಯಾಲ ಲೇಖನಿ ನೋಡು. ಲಾಳಿ ಒಗಿಯೂ ಮಂದಿಗೆ ಆ ಯೋಗ ಬರಬೇಕಲ್ಲ?"

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಅಖ್ತರಿಗೂ ಈ ಗಾದೆ ಗೊತ್ತಿತ್ತು. ಆದರೂ ಎರಡೂ ಫೋಟೋಗಳನ್ನು ಪಕ್ಕಪಕ್ಕದಲ್ಲಿಟ್ಟಳು. ಹಿಂದೆ ಪರದೆಯ ಮೇಲೆ ಬರೆದ ಅದೇ ಕಂಬ, ಮೈಮೇಲೆ ಅದೇ ಕೋಟು. ಎರಡರಲ್ಲೂ ಮೇಲಿನಿಂದ ಎರಡನೆಯ ಗುಂಡಿ ಇರಲಿಲ್ಲ.

"ಇದೂ ಸ್ಟುಡಿಯೋದ್ದ ರೀ. ಮತ್ತ ಅದು ಲೇಖನಿ ಅಲ್ಲ. ಲೇಖನಿ ದುಂಡಗಿರತೈತಿ. ಇದು ಚಪ್ಪಟ ಐತಿ, ತುದಿಗೆ ಕಚ್ಚು ಐತಿ. ಮಗ್ಗದ ಹಣಿಗಿ ಸಂದಿನ್ಯಾಗಿಂದ ಒಂದೊಂದ ನೂಲಿನ ಎಳಿ ಜಗ್ಗೂ ಕೊಕ್ಕಿ. ನಿಮ್ಮಜ್ಜಾರು ಮಗ್ಗದ ಮುಂದಿಂದ ಎದ್ದು ಬಂದಾರ, ತಗಿಯೂದು ಮರತಾರ. ನಾನೂ ಎಷ್ಟೋ ಸಲ ಹಂಗ ಸಂತಿಗೆ ಹೋಗೀನಿ."

ಈರಯ್ಯ ನಗೆ ತಡೆಯಲಾರದೆ ಕೆಮ್ಮಿದ. ಅಖ್ತರಿಗೆ ಒಳಗೊಳಗೇ ಖುಷಿಯಾಯಿತು, ಮೂರು ಸಲ ನಿಲ್ಲಿಸಿದ್ದಕ್ಕೆ ಬಡ್ಡಿ ಸಮೇತ ತೀರಿಸಿದ ಖುಷಿ.

ಗುರುಪುತ್ರಪ್ಪ ಭೂತಗನ್ನಡಿಯನ್ನು ಚೌಕಟ್ಟಿನ ಮೇಲೆ ಬಹಳ ಹೊತ್ತು ಹಿಡಿದಿದ್ದ. ಆಮೇಲೆ ಅವಳ ಅರ್ಜಿಯ ಮೇಲೆ ಅಡ್ಡಗೆರೆ ಎಳೆದು, "ಪುರಾವೆ ಸಾಲದು" ಎಂದು ಬರೆದ.

"ಈಗಷ್ಟ ನೀವ ನೋಡಿ ಒಪ್ಪಿದ್ರಿ."

"ಫೋಟೋದಾಗ ಯಾರಿಗೆ ಏನು ಬೇಕೋ ಅದು ಕಾಣತೈತಿ. ಹೋಗು."

ಅವಳು ಅಜ್ಜನ ಫೋಟೋವನ್ನು ಸೆರಗಿನಲ್ಲಿ ಸುತ್ತಿಕೊಂಡು ಬಾಗಿಲಿಗೆ ಬಂದಳು. ತಿರುಗಿ ನೋಡಿದಾಗ ಗುರುಪುತ್ರಪ್ಪ ಚೌಕಟ್ಟನ್ನು ತೊಡೆಯ ಮೇಲಿಟ್ಟುಕೊಂಡಿದ್ದ. ತನ್ನ ಅಜ್ಜನ ಕಿವಿ ಇದ್ದಲ್ಲಿ ಗಾಜನ್ನು ಹೆಬ್ಬೆರಳ ಉಗುರಿನಿಂದ ಕೆರೆಯುತ್ತಿದ್ದ.