ವರೆಗಪ್ಪನ ಬ್ಯಾಟರಿ

ನಮ್ಮ ಭಾವನಿಗೆ ನಾನಿಟ್ಟ ಹೆಸರು ವರೆಗಪ್ಪ. ಫೋನ್ ಕಂಪನಿಯಲ್ಲಿ ಜಾಹೀರಾತು ಬರೆಯೋ ಕೆಲಸ. ಡಬ್ಬಿ ಮೇಲೆ ಬ್ಯಾಟರಿ ಬಾಳಿಕೆ ‘ಇಪ್ಪತ್ತು ಗಂಟೆ’ ಅಂತ ಕುಂಬಳಕಾಯಿ ಗಾತ್ರದಲ್ಲಿ ಬರೆದು, ಅದರ ಬಾಲಕ್ಕೆ ‘ವರೆಗೆ’ ಅಂತ ಇರುವೆ ಗಾತ್ರದಲ್ಲಿ ಅಂಟಿಸೋ ಮಹಾನುಭಾವ.

ಆ ಇಪ್ಪತ್ತು ಗಂಟೆ ಅಳೆದವಳು ನಾನೇ. ಅದೇ ಕಂಪನಿಯ ಪರೀಕ್ಷಾ ಕೋಣೆಯಲ್ಲಿದ್ದೀನಿ. ಸಿಮ್ ಇಲ್ಲ, ವೈಫೈ ಇಲ್ಲ, ಪರದೆ ಮಂಕು, ಫೋನೊಳಗೇ ತುಂಬಿಟ್ಟ ಒಂದೇ ವಿಡಿಯೊ ಮತ್ತೆ ಮತ್ತೆ ಓಡುತ್ತೆ. ಅಳತೆ ಸುಳ್ಳಲ್ಲ. ಆದರೆ ಹಾಗೆ ಫೋನ್ ಬಳಸೋ ಮನುಷ್ಯ ಇನ್ನೂ ಹುಟ್ಟಿಲ್ಲ.

ಅಕ್ಕ ಸ್ಕೂಟರಲ್ಲಿ ಪಾರ್ಸೆಲ್ ಹಂಚ್ತಾಳೆ. ಹ್ಯಾಂಡಲ್‌ಗೆ ಸಿಕ್ಕಿಸಿದ ಫೋನಲ್ಲಿ ಬೆಳಿಗ್ಗೆಯಿಂದ ಸಂಜೆ ತನಕ ಮ್ಯಾಪ್ ತೆರೆದಿರಬೇಕು, ಅದೂ ಬಿಸಿಲಲ್ಲಿ ಕಾಣೋ ಹಾಗೆ ಪೂರ್ತಿ ಬೆಳಕಲ್ಲಿ. ಸ್ಕೂಟರಲ್ಲಿ ಚಾರ್ಜರ್ ಇಲ್ಲ. ಹಳೇ ಫೋನ್ ನಡುದಾರೀಲಿ ಕೈಕೊಟ್ಟು ಆಗಲೇ ಎಚ್ಚರಿಕೆ ಬಂದಿತ್ತು, ಇನ್ನೊಂದು ಸಲ ಹಾಗಾದ್ರೆ ಕೆಲಸ ಹೋಯ್ತು ಅಂತ.

ಭಾವ ತಮ್ಮ ಕಂಪನಿ ಫೋನನ್ನೇ ತಂದು ಊಟದ ಮೇಜಿನ ಮೇಲಿಟ್ರು. “ನಿನ್ನ ತಂಗೀನೇ ಅಳೆದಿದ್ದಾಳೆ, ಇನ್ನೇನು ಬೇಕು?”

ನನಗೆ ಮೈ ಉರಿದುಹೋಯ್ತು. “ಅಕ್ಕ, ಬೇಡ. ಹೊರಗಿನವರು ಅಳೆದು ನೆಟ್ಟಲ್ಲಿ ಹಾಕಿರೋ ವರದಿ ನೋಡು.”

ಭಾವ ಆ ವರದಿ ತಾವೇ ತೆಗೆದು ಓದಿದ್ರು. “ನೋಡು, ಇವರೂ ‘ಎರಡು ದಿನ’ ಅಂತಾನೇ ಬರೆದಿದ್ದಾರೆ.”

“ಆ ಎರಡು ದಿನದಲ್ಲಿ ಫೋನ್ ಬಹುಪಾಲು ಹೊತ್ತು ಜೇಬಲ್ಲಿ ಮಲಗಿರುತ್ತೆ, ಭಾವ. ಕೆಳಗಿನ ಸಾಲು ಓದಿ. ಪರದೆ ಉರಿಯೋ ಸಮಯ ಅಂತಿದೆಯಲ್ಲ, ಅದು. ಅವರು ಎಲ್ಲ ಫೋನಿಗೂ ಬೆಳಕು ಅಳೆಯೋ ಮೀಟರ್ ಹಿಡಿದು, ಪರದೆಗೆ ಒಂದೇ ಬೆಳಕು ಇಟ್ಟು ಅಳೀತಾರೆ. ಮ್ಯಾಪ್ ಹಾಕಿ, ಬಿಸಿಲಲ್ಲಿ ಕಾಣೋ ಅಷ್ಟು ಬೆಳಕಲ್ಲಿ ನಮ್ಮದು ಐದು ಗಂಟೆ. ಇದೇ ಬೆಲೆಯ ಇನ್ನೊಂದು ಕಂಪನೀದು ಒಂಬತ್ತು.”

“ಬಿಟ್ಟಿ ಬರಹಗಾರರು,” ಅಂದ್ರು ಭಾವ. ಇಪ್ಪತ್ತು ಗಂಟೆ ಅಂತ ಬರೆಯೋಕೆ ಸಂಬಳ ಎಣಿಸೋರ ಬಾಯಲ್ಲಿ ಈ ಮಾತು.

ಜಗಳ ಬೇಡ ಅಂತ ಅಕ್ಕ ತನ್ನ ರಜೆ ದಿನ ಆ ಫೋನನ್ನೇ ಹ್ಯಾಂಡಲ್‌ಗೆ ಸಿಕ್ಕಿಸಿ, ಗಂಡನ್ನ ಹಿಂದೆ ಕೂರಿಸ್ಕೊಂಡು ದಿನಾ ತಿರುಗೋ ಬೀದಿಗಳನ್ನೇ ತಿರುಗಿದಳು. ನಾನು ಮನೇಲಿ ಕಾದೆ. ಮಧ್ಯಾಹ್ನ ಕಳೀತಿದ್ದ ಹಾಗೇ ಇಬ್ಬರೂ ವಾಪಸ್. ಫೋನ್ ತಣ್ಣಗೆ ಸತ್ತಿತ್ತು, ಭಾವನ ಮೂತಿ ಬದನೆಕಾಯಿ ಆಗಿತ್ತು.

“ತಪ್ಪು ನಿಮ್ಮಕ್ಕಂದು,” ಅಂದ್ರು, ಹೆಲ್ಮೆಟ್ ಕೂಡ ತೆಗೀದೆ. “ಪರದೆ ಆರಿಸ್ಕೊಂಡು ಹೋಗಿದ್ರೆ ಸಂಜೆ ತನಕ ಬರ್ತಿತ್ತು.”

ನಾನು ಬಾಯಿ ತೆರೆಯೋ ಮೊದಲೇ ಅಕ್ಕ ಫೋನನ್ನ ಡಬ್ಬಿಗೆ ಹಾಕಿ ಅವರ ಮುಂದೆ ತಳ್ಳಿದಳು. ನಾಳೆ ಕೆಲಸಕ್ಕೆ ಹೋಗೋ ಮೊದಲು ಒಂಬತ್ತು ಗಂಟೆಯ ಆ ಇನ್ನೊಂದನ್ನೇ ತರ್ತೀನಿ ಅಂದಳು.

“ಮತ್ತೆ ರೀ, ಆ ‘ವರೆಗೆ’ ಪಕ್ಕದಲ್ಲೇ ಇನ್ನೊಂದು ಮಾತು ಅಚ್ಚು ಹಾಕ್ಸಿ. ಸ್ಕೂಟರ್ ಓಡಿಸೋವಾಗ ಕಣ್ಣು ಮುಚ್ಕೊಂಡಿರಿ ಅಂತ.”